ಕವಿಯ ಸಾಲ, ಕವಿಯ ಕಳವು

ಸಾವಿರದ ನೂರು ವರ್ಷಗಳ ಹಿಂದೆ ಕನೌಜಿನ ಆಸ್ಥಾನದಲ್ಲಿದ್ದ ರಾಜಶೇಖರನೆಂಬ ಪಂಡಿತ ಕವಿ, ಕವಿಯಾಗಬಯಸುವವರಿಗಾಗಿ ಒಂದು ಕೈಪಿಡಿಯನ್ನು ಬರೆದ. ಅದರ ಹೆಸರು 'ಕಾವ್ಯಮೀಮಾಂಸೆ'. ಹದಿನೆಂಟು ಅಧಿಕರಣಗಳ ದೊಡ್ಡ ಗ್ರಂಥವನ್ನೇ ಅವನು ಯೋಜಿಸಿದ್ದನಂತೆ. ನಮಗೆ ಉಳಿದು ಬಂದಿರುವುದು ಮೊದಲನೆಯ ಅಧಿಕರಣ ಮಾತ್ರ. ಅದು 1916ರಲ್ಲಿ ಬರೋಡೆಯಲ್ಲಿ ಅಚ್ಚಾದಾಗ ವಿದ್ವಾಂಸರಿಗೆ ಒಂದು ಅಚ್ಚರಿ ಕಾದಿತ್ತು. ಅದರಲ್ಲಿ ಮೂರು ಅಧ್ಯಾಯಗಳು ಪೂರ್ತಿಯಾಗಿ ಕಾವ್ಯದ ಕಳವಿಗೇ ಮೀಸಲಾಗಿವೆ. ಪದವನ್ನು ಕದಿಯುವುದು, ಪಾದವನ್ನು ಕದಿಯುವುದು, ಅರ್ಧಪದ್ಯವನ್ನು, ಇಡೀ ವೃತ್ತವನ್ನು, ಕೊನೆಗೆ ಇಡೀ ಪ್ರಬಂಧವನ್ನೇ ಕದಿಯುವುದು ಎಂದು ಆತ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತಾನೆ. ಕವಿಗಳನ್ನೂ ವರ್ತಕರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಈ ಎರಡು ಜಾತಿಯವರಲ್ಲಿ ಕಳವು ಮಾಡದವರು ದೊರೆಯುವುದಿಲ್ಲ, ಮರೆಸುವ ಜಾಣ್ಮೆಯಿದ್ದವನು ನಿಂದೆಯಿಂದ ಪಾರಾಗುತ್ತಾನೆ ಅಷ್ಟೆ, ಎಂದು ನಗುತ್ತಾನೆ.

ನಗೆಯ ಹಿಂದೆಯೇ ಗಂಭೀರವಾದ ಮಾತೊಂದೂ ಅಲ್ಲಿ ಇದೆ. ಮನುಷ್ಯನು ಮಾಡಿದ ಬೇರೆ ಕಳವುಗಳು ಕಾಲ ಕಳೆದಂತೆ ಮಾಸಿಹೋಗುತ್ತವೆ. ಮಾತಿನ ಕಳವಾದರೋ ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ ಎಂಬುದು ಆ ಮಾತಿನ ಅರ್ಥ. ಇದಕ್ಕೆ ಉತ್ತರವೆಂಬಂತೆ ರಾಜಶೇಖರನು ತನ್ನ ಹೆಂಡತಿಯ ಅಭಿಪ್ರಾಯವನ್ನು ಉದಾಹರಿಸುತ್ತಾನೆ. ಅವಂತಿಸುಂದರಿ ಚೌಹಾಣ ಮನೆತನದ ವಿದುಷಿ. ಕದಿಯುವವನು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವ ಸಮಾಧಾನಗಳನ್ನು ಆಕೆ ಒಂದೊಂದಾಗಿ ಎಣಿಸುತ್ತಾಳೆ. ಅವನು ಯಾರಿಗೂ ಗೊತ್ತಿಲ್ಲದವನು, ನಾನು ಹೆಸರಾದವನು. ಅವನ ಮಾತು ಅಮೃತಬಳ್ಳಿಯಂತೆ ಕಹಿ, ನನ್ನದು ದ್ರಾಕ್ಷಿಯಂತೆ. ಅವನ ಭಾಷೆಗೆ ಮನ್ನಣೆಯಿಲ್ಲ, ನನ್ನದಕ್ಕೆ ಇದೆ. ಆ ಕೃತಿಯನ್ನು ಬಲ್ಲವರು ಈಗ ಬದುಕಿಲ್ಲ. ಅದನ್ನು ಬರೆದವನು ಬೇರೆ ದೇಶದವನು. ಆಕೆ ಇವನ್ನು ಕಳವಿಗೆ ರಿಯಾಯಿತಿಗಳಾಗಿಯೇ ಹೇಳಿರುವಂತೆ ತೋರುತ್ತದೆ. ನನಗೆ ಮಾತ್ರ ಓದಿದಾಗಲೆಲ್ಲ ಇದು ನ್ಯಾಯಾಲಯದ ಕಟಕಟೆಯಲ್ಲಿ ನಿಂತವನ ಹೇಳಿಕೆಯಂತೆಯೇ ಕೇಳುತ್ತದೆ. ಕಾಲೇಜಿನ ಕಥಾಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಕುಳಿತವರು ಯಾರಾದರೂ ಈ ಪಟ್ಟಿಯ ಕೊನೆಯ ಎರಡು ಬಾಬುಗಳನ್ನು ಚೆನ್ನಾಗಿ ಬಲ್ಲರು. ಎಷ್ಟೋ ಕಥೆಗಳು ನಮ್ಮ ಮೇಜಿನ ಮೇಲೆ ಬಂದು ಬೀಳುವುದು, ಇದನ್ನು ಬರೆದವನು ಬೇರೆ ದೇಶದವನು, ಬಲ್ಲವರು ಇಲ್ಲಿ ಇರಲಾರರು ಎಂಬ ಧೈರ್ಯದಿಂದಲೇ.

ರಾಜಶೇಖರನಿಗಿಂತ ಸ್ವಲ್ಪ ಮೊದಲು, ಕಾಶ್ಮೀರದಲ್ಲಿ ಅವಂತಿವರ್ಮನ ಆಳ್ವಿಕೆಯ ಕಾಲದಲ್ಲಿ ಆನಂದವರ್ಧನನು ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ನೋಡಿದ್ದ. 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಅವನು ಕಳವೆಂಬ ಮಾತನ್ನು ಮುಂದೆ ಮಾಡುವುದಿಲ್ಲ. ಇಬ್ಬರು ಕವಿಗಳ ಮಾತು ಒಂದಕ್ಕೊಂದು ಹೋಲುವುದನ್ನು 'ಸಂವಾದ'ವೆಂದು ಕರೆದು, ಆ ಹೋಲಿಕೆ ಮೂರು ಬಗೆಯದೆನ್ನುತ್ತಾನೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂಥದು ಒಂದು. ಚಿತ್ರದಲ್ಲಿ ಬರೆದ ಆಕೃತಿಯಂಥದು, ಅಂದರೆ ಆಲೇಖ್ಯ, ಇನ್ನೊಂದು. ಒಬ್ಬ ಮನುಷ್ಯನನ್ನು ಮತ್ತೊಬ್ಬ ಮನುಷ್ಯ ಹೋಲುವಂಥದು, ತುಲ್ಯದೇಹಿ, ಮೂರನೆಯದು. ಪ್ರತಿಬಿಂಬಕ್ಕೆ ತನ್ನದೆಂಬ ಜೀವವಿಲ್ಲ. ಚಿತ್ರಕ್ಕೆ ಇದ್ದರೂ ಅದು ಹುರುಳಿಲ್ಲದ್ದು. ಇವೆರಡನ್ನೂ ಕವಿ ಬಿಡಬೇಕು. ಮೂರನೆಯದನ್ನು ಬಿಡಬೇಕಾಗಿಲ್ಲ, ಅಣ್ಣತಮ್ಮಂದಿರ ಮುಖ ಒಂದೇ ಎರಕದಲ್ಲಿ ಹೊಯ್ದಂತಿದ್ದರೂ ಯಾರೂ ತಮ್ಮನನ್ನು ಅಣ್ಣನ ನಕಲೆನ್ನುವುದಿಲ್ಲವಷ್ಟೆ. ರಾಜಶೇಖರನು ಈ ಮೂರನ್ನೂ ಇಟ್ಟುಕೊಂಡು ನಾಲ್ಕನೆಯದೊಂದನ್ನು ಸೇರಿಸಿದ. ಅದು 'ಪರಪುರಪ್ರವೇಶ'. ಯೋಗಿಯೊಬ್ಬನು ಇನ್ನೊಂದು ದೇಹವನ್ನು ಹೊಕ್ಕಂತೆ, ಮೂಲ ಒಂದೇ ಆಗಿದ್ದು ಕಟ್ಟಡ ಪೂರ್ತಿ ಬೇರೆಯಾದದ್ದು.

ಶಾಸ್ತ್ರಕಾರರ ವಿಭಾಗಗಳು ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರೆಯಲು ಮಾತ್ರ ಉಪಯೋಗವೆಂಬ ಒಂದು ಅಪವಾದ ಇದೆ. ಅದು ನಿಜವೋ ಸುಳ್ಳೋ ಎಂಬುದನ್ನು ನಮ್ಮ ಭಾಷೆಯ ಒಂದು ಪ್ರಸಿದ್ಧ ಮೊಕದ್ದಮೆಯ ಮೇಲೆ ಪ್ರಯೋಗಿಸಿಯೇ ನೋಡಬಹುದು. ಆ ಮೊಕದ್ದಮೆಯಲ್ಲಿ ಆಪಾದಿತನು ರನ್ನ. ಆಸ್ತಿ ಕಳೆದುಕೊಂಡವನೆಂದು ಹೇಳಲಾಗುವವನು ಪಂಪ.

ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಬರೆದದ್ದು 941ರಲ್ಲಿ. ರನ್ನನು ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಹುಟ್ಟಿದ್ದು 949ರಲ್ಲಿ. ಅವನ 'ಸಾಹಸಭೀಮ ವಿಜಯ'ವನ್ನು ನಾವೆಲ್ಲ 'ಗದಾಯುದ್ಧ'ವೆಂದೇ ಕರೆಯುತ್ತೇವೆ. ಪಂಪನ ಹದಿನಾಲ್ಕು ಆಶ್ವಾಸಗಳಲ್ಲಿ ಹದಿಮೂರನೆಯದರಲ್ಲಿ ಬರುವ ದುರ್ಯೋಧನಾವಸಾನದ ಕಥೆಯನ್ನು ತೆಗೆದುಕೊಂಡು ರನ್ನನು ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿದ. ಕಥೆಯ ನಡೆಯಷ್ಟೇ ಅಲ್ಲ, ಪಂಪನ ನುಡಿಗಟ್ಟುಗಳೂ ಎಷ್ಟೋ ಪದ್ಯಗಳಲ್ಲಿ ರನ್ನನ ಬಾಯಿಂದ ಕೇಳಿಬರುತ್ತವೆ. ಭಟ್ಟನಾರಾಯಣನ 'ವೇಣೀಸಂಹಾರ'ದ ಸಾಲವೂ ಅವನ ಮೇಲಿದೆ. ದ್ರೌಪದಿ ಭೀಮನನ್ನು ಕೆರಳಿಸುವುದು, ಮುದಿ ತಂದೆತಾಯಿಗಳು ಬಂದು ಮಗನಿಗೆ ಸಂಧಿಯ ಬುದ್ಧಿ ಹೇಳುವುದು, ಇವೆಲ್ಲ ಆ ನಾಟಕದ ನೆನಪನ್ನು ತರುತ್ತವೆ. ಇದನ್ನೆಲ್ಲ ನಮ್ಮ ವಿದ್ವಾಂಸರು ಪದ್ಯಕ್ಕೆ ಪದ್ಯ ಎದುರಿಟ್ಟು ತೋರಿಸಿದ್ದಾರೆ, ಅಲ್ಲಗಳೆಯುವಂತಿಲ್ಲ.

ಒಂದು ಸಣ್ಣ ಕುರುಹನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಏಕೆಂದರೆ ಉಪಾಧ್ಯಾಯರಿಗೆ ಅದು ಬಹಳ ಪರಿಚಿತವಾದದ್ದು. ವ್ಯಾಸಭಾರತದಲ್ಲಿ ದುರ್ಯೋಧನನು ಅಡಗಿಕೊಳ್ಳುವ ಕೊಳ ದ್ವೈಪಾಯನ ಸರೋವರ. ಪಂಪನಲ್ಲಿ ಅದು ವೈಶಂಪಾಯನ ಸರೋವರವಾಗಿದೆ. ರನ್ನನಲ್ಲಿಯೂ ಅದು ವೈಶಂಪಾಯನ ಸರೋವರವೇ. ಇಬ್ಬರು ವಿದ್ಯಾರ್ಥಿಗಳ ಉತ್ತರ ಸರಿಯಾಗಿದ್ದರೆ ಏನನ್ನೂ ಸಾಧಿಸಲಾಗದು; ಸರಿಯಾದ ಉತ್ತರ ಎಲ್ಲರಿಗೂ ಒಂದೇ. ಇಬ್ಬರೂ ಒಂದೇ ವಿಚಿತ್ರವಾದ ಕಡೆಯಲ್ಲಿ ಮೂಲದಿಂದ ಸರಿದಿದ್ದರೆ ಆಗ ಹಿಂದಿನ ಬೆಂಚಿನವನು ಮುಂದಿನ ಬೆಂಚನ್ನು ನೋಡಿದ್ದಾನೆಂದು ತಿಳಿಯುತ್ತದೆ. ರನ್ನನ ಕಣ್ಣ ಮುಂದೆ ಇದ್ದ ಭಾರತ ಮುಖ್ಯವಾಗಿ ಪಂಪನ ಭಾರತ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಹಾಗಾದರೆ ತೀರ್ಪೇನು? ಸಾಲದ ಪಟ್ಟಿಯನ್ನು ಮಾತ್ರ ಮುಂದಿಟ್ಟುಕೊಂಡರೆ ರನ್ನನು ಉಳಿಯುವುದಿಲ್ಲ. ಪಟ್ಟಿ ಮಾಡುವುದರಲ್ಲಿರುವ ಅಪಾಯವೇ ಅದು; ಅದು ಬಂದದ್ದನ್ನು ಎಣಿಸುತ್ತದೆ, ಆದದ್ದನ್ನು ನೋಡುವುದಿಲ್ಲ. ಆನಂದವರ್ಧನನ ಪ್ರಶ್ನೆ ಬೇರೆ: ಈ ದೇಹಕ್ಕೆ ತನ್ನದೇ ಜೀವವಿದೆಯೆ?

ಮೊದಲು ಕಾವ್ಯದ ನಡುಗಂಬ ಎಲ್ಲಿ ಸರಿದಿದೆ ಎಂಬುದನ್ನು ನೋಡಬೇಕು. ಪಂಪನ ನಾಯಕ ಅರ್ಜುನ. ಅವನಲ್ಲಿ ವೇಮುಲವಾಡದ ಅರಿಕೇಸರಿಯೂ ಸೇರಿಕೊಂಡಿದ್ದಾನೆ. ಆ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಕೆಡವಿದ. ರನ್ನನು ಹಾಡುತ್ತಿರುವುದು ಆ ಗೆದ್ದ ಮನೆತನದ ಸತ್ಯಾಶ್ರಯನನ್ನು, ಅವನನ್ನು ಭೀಮನೊಡನೆ ಸಮೀಕರಿಸಿ. ಆದ್ದರಿಂದ ಪಂಪನಲ್ಲಿ ಕೊನೆಗೆ ಸಿಂಹಾಸನವೇರುವವನು ಅರ್ಜುನ, ಪಕ್ಕದಲ್ಲಿ ಸುಭದ್ರೆ. ರನ್ನನಲ್ಲಿ ಏರುವವನು ಭೀಮ, ಪಕ್ಕದಲ್ಲಿ ದ್ರೌಪದಿ. ಭೀಮನನ್ನು ನಡುವೆ ನಿಲ್ಲಿಸಿದೊಡನೆ ಇಡೀ ಭಾರತಯುದ್ಧವು ಒಂದು ಪ್ರತಿಜ್ಞೆಯ ಕಥೆಯಾಗುತ್ತದೆ. ಹದಿನೆಂಟು ದಿನಗಳ ಯುದ್ಧವನ್ನು ರನ್ನನು ಒಂದು ದಿನದ ಕಡೆಯಿಂದ, ಸಿಂಹವು ನಡೆಯುತ್ತ ಹಿಂದಿರುಗಿ ನೋಡುವಂತೆ, ನೋಡುತ್ತಾನೆ. ಪಂಪನಿಗೆ ಈ ತಂತ್ರ ಬೇಕಾಗಿರಲಿಲ್ಲ. ಅವನು ಕಥೆಯನ್ನು ಮೊದಲಿನಿಂದ ಹೇಳುತ್ತ ಬಂದವನು.

ಎರಡನೆಯದು ದುರ್ಯೋಧನ. ತನ್ನ ಕಾವ್ಯದ ಕೊನೆಯಲ್ಲಿ ಪಂಪನು ಭಾರತದ ವ್ಯಕ್ತಿಗಳನ್ನು ಒಂದೊಂದು ಗುಣಕ್ಕೆ ಒಬ್ಬೊಬ್ಬರಂತೆ ಹೆಸರಿಸುವಾಗ ಛಲಕ್ಕೆ ದುರ್ಯೋಧನನನ್ನು ಇಡುತ್ತಾನೆ. ಅದು ಒಂದು ಪದದ ಮಾತು. ರನ್ನನು ಆ ಒಂದು ಪದವನ್ನು ಬೀಜದಂತೆ ಎತ್ತಿಕೊಂಡ. ಸತ್ತವರ ನಡುವೆ ದುರ್ಯೋಧನನು ನಡೆದುಹೋಗುವ ಸಂದರ್ಭವನ್ನೇ ನೋಡಿರಿ. ಪಂಪನು ಅದನ್ನು ಬೇಗ ದಾಟಿಹೋಗುತ್ತಾನೆ. ರನ್ನನು ಅವನನ್ನು ಹೆಣ ಹೆಣದ ಮುಂದೆ ನಿಲ್ಲಿಸುತ್ತಾನೆ: ಗುರು ದ್ರೋಣ, ಶತ್ರುವಿನ ಮಗ ಅಭಿಮನ್ಯು, ತನ್ನ ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಅಭಿಮನ್ಯುವಿನ ಮುಂದೆ ನಿಂತು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಹಾರೈಸುತ್ತಾನೆ. ತಮ್ಮನ ಮುಂದೆ ನಿಂತು, ತಾಯ ಮೊಲೆವಾಲಿನಿಂದ ಹಿಡಿದು ಎಲ್ಲದರಲ್ಲಿಯೂ ನಾನು ಮೊದಲು, ನೀನು ಅನಂತರ ಎಂದು ಬಂದ ಕ್ರಮ ಸಾವಿನಲ್ಲಿ ಮಾತ್ರ ತಪ್ಪಿತಲ್ಲಾ ಎಂದು ಅಳುತ್ತಾನೆ. ಇನ್ನೂ ಮುಂದೆ, ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಪಾಳು ನೆಲ ಎಂಬ ನಿಲುವಿಗೆ ಬರುತ್ತಾನೆ. ಪಂಪನು ಛಲವೆಂದು ಹೆಸರಿಟ್ಟದ್ದು ರನ್ನನಲ್ಲಿ ದುಃಖದೊಳಗಿನಿಂದ ಹುಟ್ಟಿದ ಛಲವಾಗುತ್ತದೆ. ಭೀಮನನ್ನು ಹೊಗಳಲು ಹೊರಟ ಕಾವ್ಯದಲ್ಲಿ ನಮ್ಮ ಕಣ್ಣೀರು ದುರ್ಯೋಧನನ ಪಾಲಾಗುತ್ತದೆ. ರನ್ನನಿಗೆ ಇದು ಎಷ್ಟರಮಟ್ಟಿಗೆ ಉದ್ದೇಶವಾಗಿತ್ತೋ ನಾನು ಹೇಳಲಾರೆ. ಪಂಪನಿಂದ ಎತ್ತಿಕೊಂಡ ಸಾಮಗ್ರಿಯಲ್ಲಿ ಮಾತ್ರ ಅದು ಹೀಗೆ ಇರಲಿಲ್ಲ.

ಇನ್ನೊಂದು ಅಂಶವನ್ನು ಗಮನಿಸಬೇಕು. ಅವಂತಿಸುಂದರಿಯ ಪಟ್ಟಿಯ ಒಂದು ಸಮಾಧಾನವೂ ರನ್ನನಿಗೆ ಸಲ್ಲುವುದಿಲ್ಲ. ಪಂಪನು ಅಜ್ಞಾತನಲ್ಲ, ಅವನ ಭಾಷೆ ಬೇರೆಯಲ್ಲ, ದೇಶ ಬೇರೆಯಲ್ಲ, ಅವನ ಕಾವ್ಯವನ್ನು ಬಲ್ಲವರು ಸತ್ತುಹೋಗಿರಲಿಲ್ಲ. 'ಅಜಿತಪುರಾಣ'ದಲ್ಲಿ ರನ್ನನೇ ಪಂಪನನ್ನೂ ಪೊನ್ನನನ್ನೂ ಹೆಸರಿಸಿ, ಅವರೊಡನೆ ತನ್ನನ್ನು ಸೇರಿಸಿ ರತ್ನತ್ರಯವೆಂದು ಕರೆದುಕೊಂಡ. ಬಯಲಿನಲ್ಲಿ, ಬಲ್ಲವರ ಕಣ್ಣೆದುರಿಗೆ, ಎತ್ತಿಕೊಂಡದ್ದು ಇದು. ಕೇಳುವವನಿಗೆ ಪಂಪನ ಪದ್ಯ ನೆನಪಾದಷ್ಟೂ ರನ್ನನಿಗೆ ಲಾಭವೇ. ಎಲ್ಲಿ ಬೇರೆ ಮಾಡಿದ ಎಂಬುದು ಆಗ ಕಾಣುತ್ತದೆ. ಕಳ್ಳನಿಗೆ ಮೂಲವನ್ನು ಬಲ್ಲ ಓದುಗ ಶತ್ರು. ರನ್ನನಿಗೆ ಅವನೇ ಬೇಕಾದ ಓದುಗ.

ಪರಪುರಪ್ರವೇಶಕ್ಕೆ ಉದಾಹರಣೆ ಬೇಕಾದವರು ಇಪ್ಪತ್ತನೆಯ ಶತಮಾನಕ್ಕೆ ಬರಬೇಕು. ಬಿ.ಎಂ.ಶ್ರೀಯವರು 1929ರಲ್ಲಿ 'ಅಶ್ವತ್ಥಾಮನ್' ನಾಟಕವನ್ನು ಪ್ರಕಟಿಸಿದರು. ಅದರ ಎಲುಬುಗೂಡು ಗ್ರೀಕ್ ನಾಟಕಕಾರ ಸೋಫೋಕ್ಲೀಸನ 'ಏಜಾಕ್ಸ್'. ಅವಮಾನಿತನಾದ ವೀರ, ಅವನಿಗೆ ಕವಿಯುವ ಹುಚ್ಚು, ಹುಚ್ಚಿನಲ್ಲಿ ಮಾಡುವ ಕೊಲೆ, ಎಚ್ಚರವಾದಾಗಿನ ನಾಚಿಕೆ, ಆತ್ಮಹತ್ಯೆ. ಗ್ರೀಕ್ ಜೀವವು ಭಾರತದ ದೇಹವನ್ನು ಹೊಕ್ಕಿತು. ಆದರೆ ಆ ದೇಹದಲ್ಲಿ ಒಂದು ತೊಡಕಿತ್ತು: ನಮ್ಮ ಅಶ್ವತ್ಥಾಮ ಚಿರಂಜೀವಿ, ಸಾಯುವಂತಿಲ್ಲ. ಶ್ರೀಯವರ ಅಶ್ವತ್ಥಾಮ ಸಾಯುತ್ತಾನೆ. ಇದಕ್ಕಾಗಿ ಅವರ ಮೇಲೆ ಆಕ್ಷೇಪಣೆಗಳು ಬಂದವು. ಅವು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಇಷ್ಟೇ: ಎರವಲು ತಂದ ಕಥೆ ಹೊಸ ನೆಲದಲ್ಲಿ ಎಲ್ಲಿಯಾದರೂ ಒಂದು ಕಡೆ ಕಲ್ಲಿಗೆ ತಾಗಿಯೇ ತಾಗುತ್ತದೆ. ಶ್ರೀಯವರು ಆ ಕಲ್ಲನ್ನು ಕಂಡರು, ಕಂಡು ಆರಿಸಿಕೊಂಡರು. ಸಾಮಾನ್ಯ ನಕಲುಗಾರನಿಗೆ ಕಲ್ಲು ಕಾಣುವುದೇ ಇಲ್ಲ.

ಈ ಮಾತನ್ನು ತರಗತಿಗೆ ತರೋಣ. ಕನ್ನಡ ತರಗತಿಯಲ್ಲಿ ಒಂದು ಕಥೆ ಬರೆದು ತರಲು ಹೇಳಿದರೆ ಪ್ರತಿ ವರ್ಷವೂ ತಪ್ಪದೆ ಬರುವ ಅತಿಥಿಯೊಬ್ಬನಿದ್ದಾನೆ. ಅವನು ಫ್ರೆಂಚ್ ಕಥೆಗಾರ ಮೊಪಾಸಾ. ಅವನ ಕಂಠಹಾರದ ಕಥೆ 1884ರದು. ಗುಮಾಸ್ತನ ಹೆಂಡತಿಯೊಬ್ಬಳು ಔತಣಕ್ಕಾಗಿ ಸಿರಿವಂತ ಗೆಳತಿಯಿಂದ ವಜ್ರದ ಹಾರವನ್ನು ಎರವಲು ತರುತ್ತಾಳೆ, ಅದು ಕಳೆದುಹೋಗುತ್ತದೆ. ಗಂಡಹೆಂಡಿರು ಅಂಥದೇ ಹಾರವನ್ನು 36,000 ಫ್ರಾಂಕಿಗೆ ಕೊಂಡು ಹಿಂದಿರುಗಿಸಿ, ಸಾಲ ತೀರಿಸಲು ಹತ್ತು ವರ್ಷ ಬದುಕನ್ನೇ ಸವೆಸುತ್ತಾರೆ. ಕೊನೆಗೆ ತಿಳಿಯುತ್ತದೆ: ಮೊದಲಿನ ಹಾರ ಖೋಟಾ, ಹೆಚ್ಚೆಂದರೆ 500 ಫ್ರಾಂಕಿನದು.

ವಿದ್ಯಾರ್ಥಿಯೊಬ್ಬನು ಗುಮಾಸ್ತನನ್ನು ತಾಲ್ಲೂಕು ಕಚೇರಿಗೆ ವರ್ಗ ಮಾಡುತ್ತಾನೆ, ಔತಣವನ್ನು ನೆಂಟರ ಮದುವೆ ಮಾಡುತ್ತಾನೆ, ವಜ್ರದ ಹಾರವನ್ನು ಕಾಸಿನ ಸರ ಮಾಡುತ್ತಾನೆ ಎನ್ನೋಣ. ಉಳಿದದ್ದೆಲ್ಲ ಮೊದಲಿದ್ದಂತೆಯೇ. ಇದು ಪ್ರತಿಬಿಂಬ. ಇನ್ನೊಬ್ಬನು ಸ್ವಲ್ಪ ಜಾಣ. ಅವನು ಮದುವೆಯ ಮನೆಯನ್ನು ಬಲು ಚೆನ್ನಾಗಿ ವರ್ಣಿಸುತ್ತಾನೆ. ಓಲಗವಿದೆ, ಹೋಳಿಗೆಯಿದೆ, ಬೀಗರ ಬಿಗುಮಾನವಿದೆ. ಆದರೆ ಕಥೆಯ ತಿರುವು ಅದೇ ಹೊತ್ತಿಗೆ, ಅದೇ ಮಾತಿನಲ್ಲಿ ಬರುತ್ತದೆ. ಇದು ಆಲೇಖ್ಯ; ಬಣ್ಣ ಹೊಸದು, ಗೆರೆ ಹಳೆಯದು. ಇಬ್ಬರೂ ಎಡವುವ ಕಲ್ಲು ಒಂದೇ. ವಜ್ರದ ಹಾರವನ್ನು ಕಣ್ಣಳತೆಯಿಂದ ಹೋಲಿಸಿ ಕೊಳ್ಳಬಹುದು. ಪ್ಯಾರಿಸಿನ ಆ ದಂಪತಿಗಳು ಮಾಡಿದ್ದು ಅದನ್ನೇ. ಕಾಸಿನ ಸರವನ್ನು ಹಾಗೆ ಕೊಳ್ಳಲಾಗದು. ಅದರಲ್ಲಿ ಕಾಸೆಷ್ಟು, ತೂಕವೆಷ್ಟು ಎಂದು ತಿಳಿಯಬೇಕು. ಕೊಟ್ಟ ಮನೆಯವರು ಮರಳಿ ಪಡೆಯುವಾಗ ಕೈಯಲ್ಲಿ ತೂಗಿ ನೋಡುತ್ತಾರೆ; ಗಿಲೀಟಿನ ಸರದ ಬದಲು ಚಿನ್ನದ್ದು ಬಂದರೆ ಆ ಕ್ಷಣವೇ ಕೈಗೆ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಣ್ಣ ಊರಿನಲ್ಲಿ ಸರವನ್ನು ಮಾಡಿದ ಅಕ್ಕಸಾಲಿ ಯಾರೆಂಬುದು ಎಲ್ಲರಿಗೂ ಗೊತ್ತು. ಮೊಪಾಸಾ ಈ ಬಾಗಿಲನ್ನು ಬಹು ಜಾಗ್ರತೆಯಿಂದ ಮುಚ್ಚಿದ್ದಾನೆ: ಪೆಟ್ಟಿಗೆಯ ಮೇಲಿನ ಹೆಸರನ್ನು ಹಿಡಿದು ದಂಪತಿಗಳು ಅಂಗಡಿಗೆ ಹೋದಾಗ, ಹಾರ ಮಾರಿದವನು ತಾನಲ್ಲ, ಪೆಟ್ಟಿಗೆ ಮಾತ್ರ ತನ್ನದು ಎಂದು ಆಭರಣದ ವ್ಯಾಪಾರಿ ಹೇಳುತ್ತಾನೆ. ನಕಲು ಮಾಡಿದವನ ಕಥೆಯಲ್ಲಿ ಈ ಬಾಗಿಲು ಹಾರುಹೊಡೆದಿರುತ್ತದೆ, ಅವನಿಗೆ ಅದು ಗೊತ್ತೂ ಇರುವುದಿಲ್ಲ. ಉಪಾಧ್ಯಾಯನಾದವನು ಮೊಪಾಸಾನನ್ನು ಓದಿರದಿದ್ದರೂ, ಈ ಅಕ್ಕಸಾಲಿಯ ಮನೆಗೆ ಇವರು ಏಕೆ ಹೋಗಲಿಲ್ಲ ಎಂದು ಕೇಳಿದರೆ ಸಾಕು. ಸ್ವಂತ ಕಥೆ ಬರೆದವನಲ್ಲಿ ಏನಾದರೊಂದು ಉತ್ತರ ಇರುತ್ತದೆ.

ಈಗ ಮೂರನೆಯ ವಿದ್ಯಾರ್ಥಿನಿಯೊಬ್ಬಳು ಆ ಕಲ್ಲನ್ನೇ ಮೆಟ್ಟಿಲು ಮಾಡಿಕೊಂಡಳೆನ್ನೋಣ. ಅವಳ ಕಥೆ ನಡೆಯುವುದು ಅಕ್ಕಸಾಲಿಯ ಮನೆಯಲ್ಲಿ. ಸಿರಿವಂತಳೆಂದು ಹೆಸರಾದ ಗೆಳತಿಯು ಚಿನ್ನದ ಸರವನ್ನು ಗುಟ್ಟಾಗಿ ಮಾರಿ, ಅವನಿಂದಲೇ ಗಿಲೀಟಿನದನ್ನು ಮಾಡಿಸಿಕೊಂಡಿದ್ದಾಳೆ. ಈಗ ಗುಮಾಸ್ತನು ಮುಖ ಒಣಗಿಸಿಕೊಂಡು ಬಂದು ಅಂಥದೇ ಚಿನ್ನದ ಸರ ಬೇಕೆನ್ನುತ್ತಾನೆ. ನಿಜ ಹೇಳಿದರೆ ಒಂದು ಮನೆಯ ಮಾನ ಹೋಗುತ್ತದೆ, ಹೇಳದಿದ್ದರೆ ಇನ್ನೊಂದು ಮನೆ ಮುಳುಗುತ್ತದೆ. ಅವನ ಮುಂದೆ ಕುಲುಮೆ ಉರಿಯುತ್ತಿದೆ, ಕೈಗೆ ಕೆಲಸ ಬಂದಿದೆ, ಕೂಲಿ ಬರಲಿದೆ. ಈ ಕಥೆಗೆ ಮೊಪಾಸಾ ತಂದೆಯೆಂಬುದು ಮುಖ ನೋಡಿದರೇ ತಿಳಿಯುತ್ತದೆ. ಆದರೂ ಇದು ಬೇರೆ ಮನುಷ್ಯ. ಇದರ ಜೀವ ಮೋಸಹೋದ ಹೆಣ್ಣಿನಲ್ಲಿಲ್ಲ, ಬಾಯಿ ಮುಚ್ಚಿಕೊಂಡ ಗಂಡಿನಲ್ಲಿದೆ. ಇಂಥದಕ್ಕೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ, ತಲೆಬರಹದ ಕೆಳಗೆ ಮೂಲದ ಹೆಸರನ್ನು ಒಂದು ಸಾಲಿನಲ್ಲಿ ಬರೆಯಲು ಹೇಳಿ.

ಶೈಲಿಯ ಅನುಕರಣೆಯ ಮಾತು ಸ್ವಲ್ಪ ಬೇರೆ. ಅದನ್ನು ನಮ್ಮ ಹಿರಿಯರು ಪಾಪವೆಂದು ಎಣಿಸಲಿಲ್ಲ, ಅಭ್ಯಾಸವೆಂದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು 'ಕವಿಕಂಠಾಭರಣ'ದಲ್ಲಿ ಕಲಿಯುವ ಕವಿಗೆ ಕೊಡುವ ಪಾಠಗಳು ಸ್ವಾರಸ್ಯವಾಗಿವೆ. ಮೊದಲು ಅರ್ಥವನ್ನು ಮರೆತು, ಬರಿಯ ಪದಗಳನ್ನು ಜೋಡಿಸಿ ಛಂದಸ್ಸಿನ ನಡೆಯನ್ನು ಕೈವಶ ಮಾಡಿಕೊಳ್ಳಬೇಕು. ಆಮೇಲೆ ಕಾಳಿದಾಸನ 'ರಘುವಂಶ'ದ ಮೊದಲ ಶ್ಲೋಕವನ್ನು ತೆಗೆದುಕೊಂಡು, ಛಂದಸ್ಸನ್ನೂ ಅರ್ಥವನ್ನೂ ಉಳಿಸಿ ಮಾತುಗಳನ್ನು ಬದಲಾಯಿಸಬೇಕು. ಹಾಗೆ ಬದಲಾಯಿಸಿದ ಶ್ಲೋಕವನ್ನು ಅವನೇ ಮಾದರಿಯಾಗಿ ಕೊಟ್ಟಿದ್ದಾನೆ. ಅದು ಕಾಳಿದಾಸನದಕ್ಕಿಂತ ಎಷ್ಟು ಸಪ್ಪೆಯೆಂಬುದು ಓದಿದ ಕೂಡಲೇ ತಿಳಿಯುತ್ತದೆ. ಕಾಳಿದಾಸನು ಆ ಮಾತನ್ನೇ ಏಕೆ ಆರಿಸಿದನೆಂಬ ಪಾಠವೂ ಅಲ್ಲಿಯೇ ಆಗುತ್ತದೆ. ಅದೇ ಕ್ಷೇಮೇಂದ್ರನು ಇನ್ನೊಬ್ಬರ ನೆರಳಿನಿಂದ, ಪದದಿಂದ, ಪಾದದಿಂದ ಬದುಕುವವರನ್ನೂ, ಇಡೀ ಕಾವ್ಯದಿಂದಲೇ ಹೊಟ್ಟೆ ಹೊರೆಯುವವರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾನೆ. ವ್ಯಾಸನಂಥವನನ್ನು ಮಾತ್ರ ಲೋಕವೆಲ್ಲ ಆಶ್ರಯಿಸಿ ಬದುಕಬಹುದು ಎನ್ನುತ್ತಾನೆ. ಎಂದರೆ ಅಭ್ಯಾಸದ ಹಲಗೆ ಬೇರೆ, ಸಭೆಯಲ್ಲಿ ಓದುವ ಓಲೆ ಬೇರೆ.

ಅಭ್ಯಾಸದ ಹಲಗೆಯನ್ನೇ ಸಭೆಗೆ ತಂದವನನ್ನು ಗುರುತಿಸುವುದು ಕಷ್ಟವಲ್ಲ. ಚಿತ್ರದುರ್ಗದ ಬಿಸಿಲಿನಲ್ಲಿ ಬೆಳೆದ ಹುಡುಗನ ಕಥೆಯಲ್ಲಿ ಕುವೆಂಪು ಅವರ ಮಲೆನಾಡಿನ ಮಳೆ ಮೂರು ಪುಟ ಸುರಿಯುತ್ತದೆ. ಆ ಮಳೆಯಲ್ಲಿ ಯಾರೂ ನೆನೆಯುವುದಿಲ್ಲ, ಯಾರ ಗದ್ದೆಯೂ ಕೊಚ್ಚಿಹೋಗುವುದಿಲ್ಲ. ಬೇಂದ್ರೆಯವರ ಮೋಡಿಗೆ ಸಿಕ್ಕಿದ ಮೈಸೂರಿನ ಹುಡುಗಿ ಧಾರವಾಡದ ಮಾತಿನಲ್ಲಿ ಸಂಭಾಷಣೆ ತೊಡಗುತ್ತಾಳೆ. ಮೂರನೆಯ ಸಾಲಿಗೆ 'ಹೋಗ್ತೀನಿ' ಎಂದು ಮೈಸೂರು ಇಣುಕಿಬಿಡುತ್ತದೆ. ಇವರನ್ನು ಕಳ್ಳರೆನ್ನುವುದು ಅನ್ಯಾಯ, ಅವರು ಪ್ರೀತಿಸಿದವರು. ಅಂಥ ಹುಡುಗನನ್ನು ಕರೆದು ಗದರಿದರೆ ಅವನು ಬರೆಯುವುದನ್ನೇ ಬಿಡಬಹುದು. ನಿಮ್ಮೂರಿನಲ್ಲಿ ಮಳೆ ಬಾರದಿದ್ದಾಗ ಜನ ಆಕಾಶವನ್ನು ಹೇಗೆ ನೋಡುತ್ತಾರೆ, ಅದನ್ನು ಒಂದು ಪುಟ ಬರೆದುಕೊಂಡು ಬಾ ಎಂದರೆ ಬಹಳ ಸಲ ಎರಡನೆಯ ವಾರಕ್ಕೆ ಕುವೆಂಪು ಹೋಗಿ ಹುಡುಗ ಬರುತ್ತಾನೆ.

ಮೊಪಾಸಾನ ಹಾರದ ಕಥೆಗೆ ಇನ್ನೂ ಒಂದು ಬಾಲವಿದೆ. ಈ ಕಥೆಗೆ ಒಂದು ವರ್ಷ ಮೊದಲು, 1883ರಲ್ಲಿ, ಅವನೇ ಇದರ ತಿರುವುಮುರುವನ್ನು ಬರೆದಿದ್ದ. ಅಲ್ಲಿ ಹೆಂಡತಿಯ ಖೋಟಾ ಒಡವೆಗಳೆಂದು ಗಂಡ ನಂಬಿದ್ದವು ಅವಳು ಸತ್ತ ಮೇಲೆ ಅಸಲಿಯೆಂದು ತಿಳಿಯುತ್ತವೆ, ಅವು ಎಲ್ಲಿಂದ ಬಂದವೆಂಬುದೂ ತಿಳಿಯುತ್ತದೆ. ಹದಿನಾರು ವರ್ಷಗಳ ಅನಂತರ, 1899ರಲ್ಲಿ, ಹೆನ್ರಿ ಜೇಮ್ಸ್ ಇಂಗ್ಲಿಷಿನಲ್ಲಿ ಒಂದು ಕಥೆ ಬರೆದ. ಅದರಲ್ಲಿ ಸತ್ತುಹೋದ ನಟಿಯೊಬ್ಬಳ ಪೆಟ್ಟಿಗೆಯಲ್ಲಿದ್ದ, ಖೋಟಾ ಎಂದು ಎಲ್ಲರೂ ತಿಳಿದಿದ್ದ ಮುತ್ತಿನ ಸರ ಬಡ ಹೆಂಗಸೊಬ್ಬಳ ಕೈಗೆ ಬರುತ್ತದೆ. ಮುತ್ತು ನಿಜವಾದರೆ, ಮರ್ಯಾದಸ್ಥರ ಮನೆ ಸೇರಿದ ಆ ನಟಿಗೆ ಅದನ್ನು ಕೊಟ್ಟವರು ಯಾರು? ಅದನ್ನು ಒಪ್ಪಿಕೊಳ್ಳಬೇಕಾದೀತೆಂದು ಅವಳ ಮಲಮಗ ಮುತ್ತು ಖೋಟಾ ಎಂದೇ ಹಟ ಹಿಡಿಯುತ್ತಾನೆ. ಜೇಮ್ಸನು ಮುಂದೆ ತನ್ನ ಕೃತಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದಾಗ, ಈ ಕಥೆ ಹುಟ್ಟಿದ್ದು ಮೊಪಾಸಾನ ಹಾರವನ್ನು ತಿರುಗಿಸಿ ನೋಡಿದ್ದರಿಂದ ಎಂದು ಮುನ್ನುಡಿಯಲ್ಲಿ ತಾನಾಗಿಯೇ ಬರೆದ. ಯಾರೂ ಅವನನ್ನು ಕೇಳಿರಲಿಲ್ಲ.